ಪ್ರೊನೌನ್ಸ್‌ನಲ್ಲಿರುವ ‘ಓ’ ಪ್ರೊನನ್ಸಿಯೇಷನ್‌ನಲ್ಲಿ ಏಕಿಲ್ಲ? ಮೇಂಟೇನ್–ಮೇಂಟೆನೆನ್ಸ್ ಜೋಡಿಗೂ ಇದೇ ಕಾರಣವೇ?

ತುಂಗಾತೀರದ ಮೇಷ್ಟ್ರು

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಪ್ರೊನೌನ್ಸ್ ಎಂಬ ಕ್ರಿಯಾಪದದ ನಡುವೆ ಓ-ಯು ಎಂಬ ಎರಡು ಅಕ್ಷರಗಳಿವೆ. ಅದರಿಂದ ಬಂದ ನಾಮಪದವಾದ ಪ್ರೊನನ್ಸಿಯೇಷನ್‌ನಲ್ಲಿ ಅದೇ ಜಾಗದಲ್ಲಿ ಯು ಮಾತ್ರ ಇದೆ. ಮೇಂಟೇನ್ ಎಂಬುದರ ಕೊನೆಯಲ್ಲಿ ಎ-ಐ ಇದ್ದರೆ, ಮೇಂಟೆನೆನ್ಸ್‌ನಲ್ಲಿ ಅದು ಇ ಆಗುತ್ತದೆ. ನಾಮಪದ ಮಾಡುವಾಗ ಅಕ್ಷರ ಬೀಳಿಸಬೇಕೆಂಬ ನಿಯಮವಿದ್ದರೆ ಅನೌನ್ಸ್‌ಮೆಂಟ್ ಎಂಬಲ್ಲಿ ಓ ಏಕೆ ಉಳಿಯಿತು ಎಂದು ಅವಳೇ ಮರುಪ್ರಶ್ನೆಯನ್ನೂ ಹಾಕಿದಳು. ‘ಇಂಗ್ಲಿಷ್ ಹಾಗೆಯೇ, ಬಾಯಿಪಾಠ ಮಾಡು’ ಎಂದು ಹೇಳಿ ಕಳುಹಿಸಲು ನನಗೆ ಮನಸ್ಸಿಲ್ಲ. ಇದರ ಹಿಂದೆ ಕಾರಣವಿದ್ದರೆ, ಅದು ಮಕ್ಕಳಿಗೆ ತಿಳಿಯುವಂಥದ್ದಾಗಿದ್ದರೆ, ಬಲ್ಲವರು ದಯವಿಟ್ಟು ವಿವರಿಸಬೇಕು.

ಕಡಲತಡಿಯವಳು

ಮೇಷ್ಟ್ರೇ, ಓ ಬಿದ್ದುಹೋಗಿಲ್ಲವಲ್ಲ! ಪಿ-ಆರ್-ಓ ಎಂದೇ ಆ ಪದ ಶುರುವಾಗುತ್ತದೆ. ಅದನ್ನು ಆಡುವಾಗ ಇಂಗ್ಲಿಷರು ‘ಪ್ರೊ’ ಎಂದು ತುಂಬಿ ಹೇಳದೆ ‘ಪ್ರ’ ಎಂದು ಹಗುರವಾಗಿ ಹೇಳುವುದರಿಂದ ಓ ಇಲ್ಲವೆಂದು ನಮ್ಮ ಕಿವಿಗೆ ತೋರುತ್ತದೆ, ಅಷ್ಟೆ. ಪ್ರೊವೈಡ್, ಪ್ರೊಡ್ಯೂಸ್ ಎಂಬಲ್ಲಿಯೂ ಹಾಗೆಯೇ ಆಗುತ್ತದೆ. ಕಾಗುಣಿತದಲ್ಲಿ ಓ ಭದ್ರವಾಗಿಯೇ ಇದೆ.

ತುಂಗಾತೀರದ ಮೇಷ್ಟ್ರು

ನೀವು ಹೇಳುತ್ತಿರುವುದು ಮೊದಲನೆಯ ಓ, ಮೇಡಂ. ನನ್ನ ಪ್ರಶ್ನೆ ಎರಡನೆಯದರ ಬಗ್ಗೆ, ಅಂದರೆ ಎನ್ ಅಕ್ಷರದ ಮುಂದೆ ಬರುವ ಓ ಬಗ್ಗೆ. ಕ್ರಿಯಾಪದದಲ್ಲಿ ಅಲ್ಲಿ ಎನ್-ಓ-ಯು-ಎನ್ ಎಂದಿದೆ, ನಾಮಪದದಲ್ಲಿ ಎನ್-ಯು-ಎನ್ ಎಂದಿದೆ. ಉಚ್ಚಾರಣೆಯೂ ‘ನೌನ್’ ಎಂಬುದರಿಂದ ‘ನನ್’ ಎಂಬುದಕ್ಕೆ ಬದಲಾಗುತ್ತದೆ.

ವ್ಯಾಕರಣಪ್ರಿಯ

ಇದಕ್ಕೆ ಸರಳವಾದ ಉತ್ತರವಿದೆ. ಧಾತುವಿಗೆ ಉದ್ದನೆಯ ಪ್ರತ್ಯಯ ಸೇರಿದಾಗ ಪದ ಭಾರವಾಗುತ್ತದೆ, ಆ ಭಾರವನ್ನು ಸರಿದೂಗಿಸಲು ಧಾತುವಿನ ದೀರ್ಘಸ್ವರ ಹ್ರಸ್ವವಾಗುತ್ತದೆ. ಪ್ರೊಫೌಂಡ್‌ಗೆ ಪ್ರತ್ಯಯ ಸೇರಿ ಪ್ರೊಫಂಡಿಟಿ ಆಯಿತು, ಮೇಂಟೇನ್‌ಗೆ ಪ್ರತ್ಯಯ ಸೇರಿ ಮೇಂಟೆನೆನ್ಸ್ ಆಯಿತು, ಎಕ್ಸ್‌ಪ್ಲೇನ್ ಎಂಬುದು ಎಕ್ಸ್‌ಪ್ಲನೇಷನ್ ಆಯಿತು. ನಮ್ಮಲ್ಲಿಯೂ ಧಾತುವಿನಿಂದ ನಾಮಪದ ಹುಟ್ಟುವಾಗ ಸ್ವರ ಬದಲಾಗುವುದುಂಟು. ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು, ಬಿಡು ಎಂಬುದರಿಂದ ಬೀಡು. ಕನ್ನಡದಲ್ಲಿ ಸ್ವರ ಹಿಗ್ಗುತ್ತದೆ, ಇಂಗ್ಲಿಷಿನಲ್ಲಿ ಕುಗ್ಗುತ್ತದೆ, ವ್ಯತ್ಯಾಸ ಇಷ್ಟೇ. ಆದ್ದರಿಂದ ಮೂಲ ರೂಪ ಕ್ರಿಯಾಪದದ್ದು, ನಾಮಪದ ಅದರ ಮೊಟಕಾದ ರೂಪ ಎಂದು ಮಕ್ಕಳಿಗೆ ಹೇಳಿದರೆ ಸಾಕು.

ಹಳೆಬೇರು

ವ್ಯಾಕರಣಪ್ರಿಯರು ಹೇಳಿದ ಸ್ವರ ಕುಗ್ಗುವಿಕೆ ಇಂಗ್ಲಿಷಿನಲ್ಲಿ ನಿಜವಾಗಿಯೂ ಇದೆ, ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ಅವರ ಕೊನೆಯ ವಾಕ್ಯವನ್ನು ನಾನು ಒಪ್ಪಲಾರೆ. ಪ್ರೊನನ್ಸಿಯೇಷನ್ ಎಂಬ ನಾಮಪದದಲ್ಲಿ ಆ ಓ ಎಂದೂ ಇರಲೇ ಇಲ್ಲ. ಇಲ್ಲದ್ದು ಬೀಳುವುದು ಹೇಗೆ? ಕೇಳಬೇಕಾದ ಪ್ರಶ್ನೆ ಕ್ರಿಯಾಪದದೊಳಕ್ಕೆ ಓ ಎಲ್ಲಿಂದ ಬಂತು ಎಂಬುದು.

ಲ್ಯಾಟಿನ್ ಭಾಷೆಯಲ್ಲಿ ನೂಂಟಿಯುಸ್ ಎಂದರೆ ಸುದ್ದಿ ತರುವವನು, ದೂತ. ಅದರಿಂದ ಸಾರಿ ಹೇಳು ಎಂಬ ಅರ್ಥದ ಪ್ರೋನೂಂಟಿಯಾರೆ ಎಂಬ ಕ್ರಿಯಾಪದ ಹುಟ್ಟಿತು, ಅದರ ನಾಮರೂಪ ಪ್ರೋನೂಂಟಿಯಾಟಿಯೋ. ಎರಡರಲ್ಲಿಯೂ ಇರುವುದು ಯು ಮಾತ್ರ. ಲ್ಯಾಟಿನ್ ಮಾತು ಜನರ ಬಾಯಲ್ಲಿ ಶತಮಾನಗಳ ಕಾಲ ಸವೆದು ಫ್ರೆಂಚ್ ಆಗುವಾಗ ಅನುನಾಸಿಕದ ಹಿಂದಿನ ಈ ಯು ಓಕಾರದತ್ತ ಜಾರಿತು. ಅಲೆ ಎಂಬ ಅರ್ಥದ ಲ್ಯಾಟಿನ್ ಪದ ಉಂಡಾ, ಅದು ಫ್ರೆಂಚಿನಲ್ಲಿ ಓಂಡ್ ಆಯಿತು. ಪ್ರೊಫುಂಡುಸ್ ಎಂಬುದು ಪ್ರೊಫೋಂ ಆಯಿತು. ಸಾರಿ ಹೇಳು ಎಂಬ ಪದಕ್ಕೂ ಇದೇ ಆಯಿತು. ಇಂದಿಗೂ ಫ್ರೆಂಚಿನಲ್ಲಿ ಆ ಕ್ರಿಯಾಪದವನ್ನೂ ಅದರ ನಾಮಪದವನ್ನೂ ಓ ಹಾಕಿಯೇ ಬರೆಯುತ್ತಾರೆ.

1066ರ ನಂತರ ಇಂಗ್ಲೆಂಡನ್ನು ಆಳಿದ ನಾರ್ಮನ್ನರ ಫ್ರೆಂಚಿನಲ್ಲಿ ಈ ಸ್ವರ ಪ್ಯಾರಿಸ್ಸಿನ ಓಕಾರದಂತಿರದೆ ಊಕಾರಕ್ಕೆ ಹತ್ತಿರವಾಗಿತ್ತು. ಊಕಾರವನ್ನು ಓ-ಯು ಎಂಬ ಜೋಡಿ ಅಕ್ಷರಗಳಿಂದ ಬರೆಯುವುದು ಫ್ರೆಂಚ್ ಲಿಪಿಕಾರರ ಪದ್ಧತಿ. ಸೂಪ್, ಗ್ರೂಪ್ ಎಂಬ ಪದಗಳ ಕಾಗುಣಿತವನ್ನು ನೆನೆದುಕೊಂಡರೆ ಆ ಪದ್ಧತಿ ಇನ್ನೂ ಕಾಣುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಈ ಕ್ರಿಯಾಪದ ಇಂಗ್ಲಿಷಿಗೆ ಬಂದಾಗ ಅದನ್ನು ಸುಮಾರಾಗಿ ‘ಪ್ರೊನೂನ್ಸ್’ ಎಂದು ಹೇಳುತ್ತಿದ್ದರು, ಓ-ಯು ಬಳಸಿ ಬರೆಯುತ್ತಿದ್ದರು. ಓ ಬಂದದ್ದು ಹೀಗೆ. ಅದು ಆಗ ಪ್ರತ್ಯೇಕ ಧ್ವನಿಯ ಗುರುತಾಗಿರಲಿಲ್ಲ, ಊಕಾರವನ್ನು ಬರೆಯುವ ವಿಧಾನದ ಅರ್ಧ ಭಾಗವಾಗಿತ್ತು.

ಆಮೇಲೆ, ಸುಮಾರು 1400ರಿಂದ 1700ರ ನಡುವೆ, ಇಂಗ್ಲಿಷಿನ ಎಲ್ಲ ದೀರ್ಘಸ್ವರಗಳೂ ಸ್ಥಾನಪಲ್ಲಟಗೊಂಡವು. ಆ ಪಲ್ಲಟದಲ್ಲಿ ಊ ಹೋಗಿ ಔ ಆಯಿತು. ಇಲಿಗೆ ‘ಮೂಸ್’ ಎನ್ನುತ್ತಿದ್ದವರು ‘ಮೌಸ್’ ಎಂದರು, ‘ಊಟ್’ ಎನ್ನುತ್ತಿದ್ದವರು ‘ಔಟ್’ ಎಂದರು. ಪ್ರೊನೂನ್ಸ್ ಕೂಡ ಆ ಪ್ರವಾಹದಲ್ಲಿ ಸಾಗಿ ಪ್ರೊನೌನ್ಸ್ ಆಯಿತು. ಅನೌನ್ಸ್, ಡಿನೌನ್ಸ್, ರಿನೌನ್ಸ್ ಎಂಬ ಅದರ ಒಡಹುಟ್ಟಿದ ಪದಗಳದ್ದೂ ಇದೇ ದಾರಿ.

ನಾಮಪದ ಬಂದದ್ದು ಬೇರೆ ಬಾಗಿಲಿನಿಂದ. ಪ್ರಾಚೀನ ರೋಮಿನ ಭಾಷಣಶಾಸ್ತ್ರದಲ್ಲಿ ಐದು ಅಂಗಗಳಿದ್ದವು. ವಿಷಯವನ್ನು ಹುಡುಕುವುದು, ಜೋಡಿಸುವುದು, ಮಾತಿನ ಶೈಲಿಯನ್ನು ಕಟ್ಟುವುದು, ನೆನಪಿನಲ್ಲಿಟ್ಟುಕೊಳ್ಳುವುದು, ಕೊನೆಗೆ ಸಭೆಯ ಮುಂದೆ ನಿಂತು ಧ್ವನಿ ಮತ್ತು ಹಾವಭಾವಗಳೊಡನೆ ಹೇಳುವುದು. ಈ ಐದನೆಯ ಅಂಗದ ಹೆಸರೇ ಪ್ರೋನೂಂಟಿಯಾಟಿಯೋ. ಹದಿನೈದನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ನಾಮಪದವನ್ನು ಬರೆದವರು ಲ್ಯಾಟಿನ್ ಗ್ರಂಥಗಳನ್ನು ಓದಿದ್ದವರು, ಲ್ಯಾಟಿನ್ ಕಾಗುಣಿತವನ್ನು ಕಣ್ಣಿನಲ್ಲಿಟ್ಟುಕೊಂಡಿದ್ದವರು. ಹಾಗಾಗಿ ಯು ಯು ಆಗಿಯೇ ಉಳಿಯಿತು. ಅಲ್ಲಿನ ಸ್ವರ ಹ್ರಸ್ವವಾದ್ದರಿಂದ ದೀರ್ಘಸ್ವರಗಳ ಪಲ್ಲಟ ಅದನ್ನು ಮುಟ್ಟಲಿಲ್ಲ. ಹ್ರಸ್ವ ಉಕಾರ ಮುಂದೆ ಹದಿನೇಳನೆಯ ಶತಮಾನದ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಅಕಾರದಂತಾಯಿತು, ‘ಕಟ್’ ಎಂಬ ಪದದಲ್ಲಿ ಇರುವಂತೆ. ಹಾಗೆ ‘ನುನ್’ ಎಂಬುದು ‘ನನ್’ ಆಯಿತು.

ಕನ್ನಡ ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಪಯಣ ಮತ್ತು ಪ್ರಯಾಣ ಎರಡೂ ನಮ್ಮಲ್ಲಿವೆ. ಪಯಣ ಜನರ ಬಾಯಲ್ಲಿ ಸವೆದು ಬಂದ ತದ್ಭವ, ಪ್ರಯಾಣ ಸಂಸ್ಕೃತದಿಂದ ಇದ್ದಂತೆಯೇ ತಂದ ತತ್ಸಮ. ಪಯಣದ ರಕಾರ ಎಲ್ಲಿ ಹೋಯಿತೆಂದು ಕೇಳಬಹುದು, ಪ್ರಯಾಣಕ್ಕೆ ರಕಾರ ಏಕೆ ಸೇರಿತೆಂದು ಕೇಳಲಾಗದು. ಪ್ರೊನೌನ್ಸ್ ಎಂಬುದು ತದ್ಭವ, ಪ್ರೊನನ್ಸಿಯೇಷನ್ ಎಂಬುದು ತತ್ಸಮ. ಮೇಷ್ಟ್ರು ತಮ್ಮ ವಿದ್ಯಾರ್ಥಿನಿಗೆ ಇಷ್ಟು ಹೇಳಿದರೆ ಅವಳಿಗೆ ಖಂಡಿತ ಅರ್ಥವಾಗುತ್ತದೆ, ಏಕೆಂದರೆ ತತ್ಸಮ–ತದ್ಭವದ ಪಾಠ ಅವಳಿಗೆ ಕನ್ನಡ ತರಗತಿಯಲ್ಲಿ ಆಗಿರುತ್ತದೆ.

ತುಂಗಾತೀರದ ಮೇಷ್ಟ್ರು

ತುಂಬ ಉಪಕಾರವಾಯಿತು, ಸರ್. ಹಾಗಾದರೆ ಅನೌನ್ಸ್‌ಮೆಂಟ್ ಎಂಬಲ್ಲಿ ಓ ಉಳಿದದ್ದಕ್ಕೂ ಇದರಲ್ಲಿಯೇ ಉತ್ತರ ಇರಬೇಕಲ್ಲವೇ? ಆ ಪದ ಲ್ಯಾಟಿನ್ನಿನಿಂದ ನೇರವಾಗಿ ಬಂದದ್ದಲ್ಲ ಎಂದು ಊಹಿಸುತ್ತೇನೆ.

ಹಳೆಬೇರು

ಊಹೆ ಸರಿಯಾಗಿದೆ. ಮೆಂಟ್ ಎಂಬ ಪ್ರತ್ಯಯ ಇಂಗ್ಲಿಷ್ ಕ್ರಿಯಾಪದದ ಬೆನ್ನಿಗೆ ನೇರವಾಗಿ ಅಂಟಿಕೊಳ್ಳಬಲ್ಲದು. ಅನೌನ್ಸ್ ಎಂಬ ಸಿದ್ಧಪದಕ್ಕೆ ಅದು ಅಂಟಿತು, ಸಿದ್ಧಪದದ ಓ ಅಲ್ಲಿಯೇ ಉಳಿಯಿತು. ಪ್ರೊನೌನ್ಸ್‌ಮೆಂಟ್ ಎಂಬ ಪದವೂ ಇದೆ, ತೀರ್ಪನ್ನೋ ಅಧಿಕೃತ ಹೇಳಿಕೆಯನ್ನೋ ಸಾರುವುದಕ್ಕೆ ಅದನ್ನು ಬಳಸುತ್ತಾರೆ, ಅದರಲ್ಲಿಯೂ ಓ ಇದೆ. ಒಂದೇ ಕ್ರಿಯಾಪದಕ್ಕೆ ಎರಡು ನಾಮಪದಗಳು, ಒಂದರಲ್ಲಿ ಓ ಉಂಟು, ಇನ್ನೊಂದರಲ್ಲಿ ಇಲ್ಲ. ಪ್ರತ್ಯಯದ ಭಾರದಿಂದ ಓ ಬಿದ್ದಿತೆನ್ನುವುದಾದರೆ ಮೆಂಟ್ ಎಂಬುದಕ್ಕೂ ಭಾರ ಉಂಟಲ್ಲವೇ?

ಅನೌನ್ಸ್‌ಗೂ ತತ್ಸಮ ನಾಮಪದ ಇದೆ. ಅನನ್ಸಿಯೇಷನ್ ಎಂಬ ಆ ಪದವನ್ನು ಹೆಚ್ಚಾಗಿ ಕ್ರೈಸ್ತರ ಒಂದು ಹಬ್ಬಕ್ಕೆ ಮೀಸಲಿಟ್ಟಿದ್ದಾರೆ. ಗಬ್ರಿಯೇಲ ದೇವದೂತನು ಮರಿಯಳಿಗೆ ಸುವಾರ್ತೆ ತಿಳಿಸಿದ್ದನ್ನು ನೆನೆಯುವ ಮಾರ್ಚ್ 25ರ ಹಬ್ಬ ಅದು. ರೈಲು ನಿಲ್ದಾಣದಲ್ಲಿ ಕೇಳುವುದು ಅನೌನ್ಸ್‌ಮೆಂಟ್, ಇಗರ್ಜಿಯಲ್ಲಿ ಆಚರಿಸುವುದು ಅನನ್ಸಿಯೇಷನ್.

ಬೆರಳಚ್ಚುಗಾರ, ಹುಬ್ಬಳ್ಳಿ

ನಾನು ಹಲವು ವರ್ಷಗಳಿಂದ ವಕೀಲರಿಗೆ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತ ಬಂದಿದ್ದೇನೆ. ನನ್ನ ಕೈಗೆ ಅತಿ ಹೆಚ್ಚು ಬರುವ ಪದವೇ ಈ ಮೇಂಟೆನೆನ್ಸ್. ಜೀವನಾಂಶ ಕೋರುವ ಅರ್ಜಿಗಳು ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಬರುತ್ತಿದ್ದವು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಬರುತ್ತಿವೆ. ಕಲಂ ಬದಲಾಯಿತು, ತಪ್ಪು ಬದಲಾಗಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರು ಮೇಂಟೇನ್ ಎಂಬುದನ್ನು ಪೂರ್ತಿ ಬರೆದು ಅದರ ಮುಂದೆ ಎ-ಎನ್-ಸಿ-ಇ ಸೇರಿಸುತ್ತಾರೆ. ‘ಸರ್, ಸಸ್ಟೇನೆಬಲ್ ಎಂಬಲ್ಲಿ ಎ-ಐ ಇದೆಯಲ್ಲ, ಇಲ್ಲಿ ಏಕೆ ಇರಬಾರದು?’ ಎಂದು ಕೇಳಿದರೆ ನನ್ನ ಬಳಿ ಉತ್ತರವಿರುವುದಿಲ್ಲ. ಓ-ಯು ಕಥೆ ತಿಳಿಯಿತು. ಎ-ಐ ಕಥೆಯೂ ಅದೇ ಏನು? ಮೇಂಟೆನೆನ್ಸ್ ಕೂಡ ಲ್ಯಾಟಿನ್ ತತ್ಸಮವೇ?

ಲಿಯೋನ್ ನಿವಾಸಿ

ನಾನು ಫ್ರಾನ್ಸಿನಲ್ಲಿ ನೆಲೆಸಿರುವ ಧಾರವಾಡದವನು. ಫ್ರೆಂಚನ್ನು ಕೆಲಸಕ್ಕಾಗಿ ಕಲಿತೆ, ಭಾಷಾಶಾಸ್ತ್ರ ಓದಿದವನಲ್ಲ. ಆದರೂ ಬೆರಳಚ್ಚುಗಾರರ ಪ್ರಶ್ನೆ ಓದಿದ ಕೂಡಲೇ ಇಲ್ಲಿ ದಿನವೂ ಆಡುವ ಒಂದು ಕ್ರಿಯಾಪದ ನೆನಪಾಯಿತು. ಹಿಡಿ ಎಂಬುದಕ್ಕೆ ಫ್ರೆಂಚಿನಲ್ಲಿ ತನೀರ್ ಎನ್ನುತ್ತಾರೆ. ‘ನಾವು ಹಿಡಿಯುತ್ತೇವೆ’ ಎನ್ನುವಾಗ ಅದರ ಧಾತು ಟಿ-ಇ-ಎನ್ ಎಂದೇ ಇರುತ್ತದೆ, ಆದರೆ ‘ಅವನು ಹಿಡಿಯುತ್ತಾನೆ’ ಎನ್ನುವಾಗ ಅದೇ ಧಾತುವಿನೊಳಗೆ ಇನ್ನೊಂದು ಸ್ವರ ಸೇರಿಕೊಂಡು ಟಿ-ಐ-ಇ-ಎನ್ ಆಗುತ್ತದೆ. ಮೇಂಟೇನ್‌ನ ಫ್ರೆಂಚ್ ರೂಪಕ್ಕೂ ಹೀಗೆಯೇ ಎರಡು ಮುಖ. ನಾಮಪದದಲ್ಲಿ ಮಾತ್ರ ಇ ಒಂದೇ. ಇದನ್ನು ಕಲಿಯುವಾಗ ನನಗೆ ಬಹಳ ಕಷ್ಟವಾಗಿತ್ತು. ಇಂಗ್ಲಿಷಿನ ಎ-ಐ ಮತ್ತು ಇ ಭೇದಕ್ಕೆ ಇದೇ ಮೂಲವಾಗಿರಬಹುದೇ?

ಹಳೆಬೇರು

ಲಿಯೋನ್ ನಿವಾಸಿಗಳು ಹಿಡಿದ ಎಳೆಯೇ ಸರಿಯಾದ ಎಳೆ. ಮೇಂಟೆನೆನ್ಸ್ ಲ್ಯಾಟಿನ್ ತತ್ಸಮವಲ್ಲ. ಮೇಂಟೇನ್, ಮೇಂಟೆನೆನ್ಸ್ ಎರಡೂ ಫ್ರೆಂಚಿನಿಂದಲೇ ಬಂದವು, ಅವುಗಳ ನಡುವಿನ ಭೇದ ಫ್ರೆಂಚಿನ ಒಳಗೇ ಹುಟ್ಟಿದ್ದು. ಆದ್ದರಿಂದ ಮೇಷ್ಟ್ರ ತಲೆಬರಹದ ಪ್ರಶ್ನೆಗೆ ಉತ್ತರ ಇಲ್ಲ ಎಂದೇ ಆಗುತ್ತದೆ, ಈ ಎರಡು ಜೋಡಿಗಳ ಕಾರಣ ಒಂದೇ ಅಲ್ಲ.

ಮೂಲದಲ್ಲಿ ಇದು ಮನೂ ತೆನೇರೆ ಎಂಬ ಎರಡು ಲ್ಯಾಟಿನ್ ಪದ, ಅಂದರೆ ಕೈಯಿಂದ ಹಿಡಿ. ಅವೆರಡೂ ಜನರ ಮಾತಿನಲ್ಲಿ ಕೂಡಿಕೊಂಡು ಹಳೆಯ ಫ್ರೆಂಚಿನಲ್ಲಿ ಒಂದೇ ಕ್ರಿಯಾಪದವಾಯಿತು. ಹಳೆಯ ಫ್ರೆಂಚಿನ ಒಂದು ಗುಣವೇನೆಂದರೆ, ಮಾತಿನ ಒತ್ತು ಧಾತುವಿನ ಮೇಲೆ ಬಿದ್ದಾಗ ಅದರ ಸ್ವರ ಹಿಗ್ಗಿ ಜೋಡಿಸ್ವರವಾಗುತ್ತಿತ್ತು, ಒತ್ತು ಮುಂದಿನ ಪ್ರತ್ಯಯಕ್ಕೆ ಹೋದಾಗ ಧಾತುವಿನ ಸ್ವರ ಇದ್ದಂತೆಯೇ ಇರುತ್ತಿತ್ತು. ‘ಅವನು ಹಿಡಿಯುತ್ತಾನೆ’ ಎನ್ನುವಾಗ ಒತ್ತು ಧಾತುವಿನ ಮೇಲಿದೆ, ಅದಕ್ಕೇ ಅಲ್ಲಿ ಸ್ವರ ಹಿಗ್ಗಿದೆ. ‘ನಾವು ಹಿಡಿಯುತ್ತೇವೆ’ ಎನ್ನುವಾಗ ಒತ್ತು ಕೊನೆಗೆ ಸರಿದಿದೆ, ಹಾಗಾಗಿ ಇಕಾರ ಸೇರಿಲ್ಲ. ಇಂಗ್ಲಿಷರು ಕ್ರಿಯಾಪದವನ್ನು ಎರವಲು ಪಡೆದದ್ದು ನಾರ್ಮನ್ ಫ್ರೆಂಚಿನ ಒತ್ತು ಬಿದ್ದ ಧಾತುರೂಪದಿಂದ. ಮೇಂಟೇನ್, ಸಸ್ಟೇನ್, ರಿಟೇನ್, ಅಬ್‌ಸ್ಟೇನ್ ಇವೆಲ್ಲದರ ಕೊನೆಯ ಎ-ಐ ಅಲ್ಲಿಂದ ಬಂತು. ನಾಮಪದದಲ್ಲಾದರೋ ಒತ್ತು ಯಾವಾಗಲೂ ಪ್ರತ್ಯಯದ ಮೇಲೆಯೇ ಇತ್ತು, ಆದ್ದರಿಂದ ಅದು ಇ ಸ್ವರವನ್ನೇ ಹೊತ್ತುಕೊಂಡು ಬಂತು.

ಪ್ರೊಕ್ಲೇಮ್ ಎಂಬುದರ ಎ-ಐ ಹುಟ್ಟಿದ್ದೂ ಹೀಗೆಯೇ. ಕೂಗು ಎಂಬ ಅರ್ಥದ ಲ್ಯಾಟಿನ್ ಧಾತುವಿನಲ್ಲಿ ಆಕಾರ ಮಾತ್ರ ಇತ್ತು, ಮಕಾರ ನಕಾರಗಳ ಹಿಂದೆ ಒತ್ತು ಬಿದ್ದಾಗ ಆ ಸ್ವರ ಫ್ರೆಂಚಿನಲ್ಲಿ ಎ-ಐ ಆಯಿತು. ಪ್ರಾಕ್ಲಮೇಷನ್ ಎಂಬ ನಾಮಪದ ಮಾತ್ರ ಲ್ಯಾಟಿನ್ ಆಕಾರವನ್ನು ಇಟ್ಟುಕೊಂಡಿತು. ಮೇಂಟೇನ್ ಎಂಬುದರ ಮೊದಲ ಭಾಗದಲ್ಲಿಯೂ ಎ-ಐ ಇದೆಯಲ್ಲ, ಅದು ಕೈ ಎಂಬ ಪದದ್ದು. ಲ್ಯಾಟಿನ್ನಿನ ಮನುಸ್ ಇದೇ ರೀತಿಯಲ್ಲಿ ಫ್ರೆಂಚಿನ ಎ-ಐ ಪಡೆಯಿತು. ಆ ಎ-ಐ ಕ್ರಿಯಾಪದ, ನಾಮಪದ ಎರಡರಲ್ಲಿಯೂ ಅಲುಗಾಡದೆ ಉಳಿದಿದೆ. ಬೆರಳಚ್ಚುಗಾರರ ಹುಡುಗರಿಗೆ ಹೀಗೆ ಹೇಳಬಹುದು: ಪದದ ಮೊದಲಿನ ಎ-ಐ ಕೈಯದ್ದು, ಅದನ್ನು ಎಲ್ಲಿಯೂ ಮುಟ್ಟಬೇಡಿ. ಎರಡನೆಯದು ಹಿಡಿತದ್ದು, ಅದು ಕ್ರಿಯಾಪದದಲ್ಲಿ ಮಾತ್ರ.

ಸಸ್ಟೇನೆಬಲ್ ಎಂಬುದು ಅನೌನ್ಸ್‌ಮೆಂಟಿನ ಹಾಗೆ ಇಂಗ್ಲಿಷ್ ಕ್ರಿಯಾಪದದ ಮೇಲೆ ಕಟ್ಟಿದ ಪದ, ಹಾಗಾಗಿ ಎ-ಐ ಉಳಿಯಿತು. ಆ ಕ್ರಿಯಾಪದದ ಹಳೆಯ ನಾಮಪದ ಸಸ್ಟೆನೆನ್ಸ್, ಅದರಲ್ಲಿ ಇ.

ಕರಡು ತಿದ್ದುವವಳು

ಪ್ರಕಾಶನ ಸಂಸ್ಥೆಯೊಂದರಲ್ಲಿ ಕರಡು ನೋಡುವ ಕೆಲಸ ನನ್ನದು. ಹಳೆಬೇರು ಅವರ ವಿವರಣೆ ಒಪ್ಪುವಂಥದ್ದೇ, ಆದರೆ ಅಬ್‌ಸ್ಟೇನ್ ಎಂಬುದು ಅದಕ್ಕೆ ಹೊಂದುತ್ತಿಲ್ಲ. ಅದರ ನಾಮಪದ ಅಬ್‌ಸ್ಟಿನೆನ್ಸ್, ಅಲ್ಲಿ ಇ ಕೂಡ ಇಲ್ಲ, ಐ ಬಂದು ಕುಳಿತಿದೆ. ರಿಟೇನ್ ಎಂಬುದಕ್ಕೆ ರಿಟೆನ್ಷನ್, ಅದರ ಪ್ರತ್ಯಯವೇ ಬೇರೆ. ಒಂದೇ ಹಿಡಿ ಧಾತುವಿನಿಂದ ಬಂದವು ಮೂರು ಬಗೆಯಾಗುವುದು ಹೇಗೆ?

ಹಳೆಬೇರು

ಅಬ್‌ಸ್ಟೇನ್, ರಿಟೇನ್ ಇವು ಶಿಷ್ಟ ಲ್ಯಾಟಿನ್ನಿನಲ್ಲಿಯೇ ಉಪಸರ್ಗ ಸೇರಿ ಸಿದ್ಧವಾಗಿದ್ದ ಪದಗಳು. ತೆನೇರೆ ಎಂಬುದರ ಹಿಂದೆ ಉಪಸರ್ಗ ಸೇರಿದರೆ ಲ್ಯಾಟಿನ್ನಿನಲ್ಲಿ ಅದರ ಎಕಾರ ಸೊರಗಿ ಇಕಾರವಾಗುತ್ತದೆ, ಅಂದರೆ ‘ತೆನ್’ ಎಂಬುದು ‘ತಿನ್’ ಆಗುತ್ತದೆ. ಅಬ್‌ಸ್ಟಿನೆನ್ಸ್, ಪರ್ಟಿನೆಂಟ್, ಕಾಂಟಿನೆಂಟ್ ಎಂಬ ಪದಗಳಲ್ಲಿ ಇರುವುದು ಆ ಸೊರಗಿದ ಸ್ವರ. ಅದೇ ಕ್ರಿಯಾಪದದ ಭೂತಕೃದಂತದಲ್ಲಿ ‘ತೆಂಟ್’ ಎಂದು ಎಕಾರ ಮರಳುತ್ತದೆ, ರಿಟೆನ್ಷನ್, ಡಿಟೆನ್ಷನ್ ಹುಟ್ಟಿದ್ದು ಆ ಕೃದಂತದಿಂದ. ಮನೂ ತೆನೇರೆ ಮಾತ್ರ ಶಿಷ್ಟ ಲ್ಯಾಟಿನ್ನಿನಲ್ಲಿ ಒಂದೇ ಪದವಾಗಿರಲಿಲ್ಲ. ಸೊರಗುವ ಕಾಲ ಮುಗಿದ ಮೇಲೆ ಅದು ಕೂಡಿಕೊಂಡಿತು. ಆದ್ದರಿಂದ ಅದಕ್ಕೆ ‘ತಿನ್’ ರೂಪದ ನಾಮಪದ ಲ್ಯಾಟಿನ್ನಿನಲ್ಲಿ ಸಿಗಲಿಲ್ಲ, ಫ್ರೆಂಚಿನದ್ದೇ ಗತಿಯಾಯಿತು. ಇಂಥ ಒಂದು ಸಣ್ಣ ಸ್ವರ ಪದದ ವಯಸ್ಸನ್ನು ಹೇಳಿಬಿಡುತ್ತದೆ ಎಂಬುದು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಡುವ ಸಂಗತಿ.

ವ್ಯಾಕರಣಪ್ರಿಯ

ಇಷ್ಟೆಲ್ಲ ಇತಿಹಾಸ ಸರಿಯೇ, ಆದರೂ ನನ್ನ ಮಾತನ್ನು ಪೂರ್ತಿ ತಳ್ಳಿಹಾಕಬಾರದು. ಇಂದಿನ ಇಂಗ್ಲಿಷ್ ಆಡುವವನಿಗೆ ಲ್ಯಾಟಿನ್ ಗೊತ್ತಿಲ್ಲ, ಫ್ರೆಂಚ್ ಗೊತ್ತಿಲ್ಲ. ಆದರೂ ಅವನ ನಾಲಿಗೆ ಔಕಾರವನ್ನು ಅಕಾರಕ್ಕೆ ಬದಲಿಸುತ್ತದೆ. 1968ರಲ್ಲಿ ಚಾಮ್‌ಸ್ಕಿ ಮತ್ತು ಹಾಲೆ ಇಂಗ್ಲಿಷಿನ ಧ್ವನಿವ್ಯವಸ್ಥೆಯ ಬಗ್ಗೆ ಬರೆದ ಗ್ರಂಥದಲ್ಲಿ ಪ್ರೊಫೌಂಡ್–ಪ್ರೊಫಂಡಿಟಿಯಂಥ ಜೋಡಿಗಳನ್ನು ಜೀವಂತ ನಿಯಮವೆಂದೇ ವಿವರಿಸಿದ್ದಾರೆ. ಒಂದು ಸ್ವರದ ಮುಂದೆ ಇನ್ನೂ ಎರಡು ಸ್ವರಗಳು ಬಂದು, ಅವುಗಳಲ್ಲಿ ಮೊದಲನೆಯದಕ್ಕೆ ಒತ್ತು ಇಲ್ಲದಿದ್ದರೆ, ಹಿಂದಿನ ದೀರ್ಘಸ್ವರ ಕುಗ್ಗುತ್ತದೆ ಎಂಬುದು ಆ ನಿಯಮದ ಸಾರ. ಪ್ರೊನನ್ಸಿಯೇಷನ್‌ನಲ್ಲಿ ‘ನನ್’ ಆದ ಮೇಲೆ ‘ಸಿ’ ಎಂಬುದಕ್ಕೆ ಒತ್ತು ಇಲ್ಲ, ಆದ್ದರಿಂದ ಸ್ವರ ಕುಗ್ಗಿದೆ. ಫೌಂಡೇಷನ್ ಎಂಬಲ್ಲಿ ‘ಫೌಂ’ ಆದ ಕೂಡಲೇ ‘ಡೇ’ ಎಂಬುದರ ಮೇಲೆ ಒತ್ತು ಬಿದ್ದಿದೆ, ಆದ್ದರಿಂದ ಓ-ಯು ಉಳಿದಿದೆ. ನಿಮ್ಮ ಎರಡು ಬಾಗಿಲುಗಳ ಕಥೆ ಫೌಂಡೇಷನ್‌ಗೆ ಏನು ಉತ್ತರ ಹೇಳುತ್ತದೆ? ಅದರ ಲ್ಯಾಟಿನ್ ಮೂಲದಲ್ಲಿಯೂ ಯು ಮಾತ್ರ ಇದೆಯಲ್ಲ.

ಹಳೆಬೇರು

ಈ ಆಕ್ಷೇಪ ಗಟ್ಟಿಯಾದದ್ದು. ಫೌಂಡೇಷನ್ ಫ್ರೆಂಚಿನ ಮೂಲಕ ಬಂದು ಇಂಗ್ಲಿಷ್ ಕ್ರಿಯಾಪದದ ಕಾಗುಣಿತಕ್ಕೆ ಒಗ್ಗಿಕೊಂಡಿತು, ಅದರ ನಂಟಿನ ಫಂಡಮೆಂಟಲ್ ಲ್ಯಾಟಿನ್ ಯು ಉಳಿಸಿಕೊಂಡಿತು ಎಂದು ನಾನು ಹೇಳಬಲ್ಲೆ. ಆದರೆ ಎರಡರಲ್ಲಿ ಒಂದು ಮಾತ್ರ ಏಕೆ ಒಗ್ಗಿಕೊಂಡಿತು ಎಂದು ನೀವು ಕೇಳಿದರೆ, ಒತ್ತಿನ ವಿಚಾರವನ್ನು ಪಕ್ಕಕ್ಕಿಡಲು ಆಗುವುದಿಲ್ಲ.

ಹಾಗೆಂದು ನಿಯಮವೂ ಒಂಟಿಯಾಗಿ ನಿಲ್ಲುವುದಿಲ್ಲ. ಅಬೌಂಡ್ ಎಂಬುದಕ್ಕೆ ಅಬಂಡೆನ್ಸ್ ಎಂಬ ನಾಮಪದವಿದೆ. ಅಲ್ಲಿ ‘ಬನ್’ ಆದ ಮೇಲೆ ಇರುವುದು ಒಂದೇ ಸ್ವರ, ನಿಮ್ಮ ನಿಯಮಕ್ಕೆ ಎರಡು ಬೇಕು. ಆದರೂ ಸ್ವರ ಕುಗ್ಗಿದೆ, ಅಥವಾ ನನ್ನ ಲೆಕ್ಕದಲ್ಲಿ ಅದು ಎಂದೂ ಹಿಗ್ಗಿರಲೇ ಇಲ್ಲ. ಬೌಂಡರಿ, ಮೌಂಟೆನಸ್ ಎಂಬ ಪದಗಳಲ್ಲಿ ನಿಯಮದ ಷರತ್ತುಗಳೆಲ್ಲ ಪೂರ್ತಿಯಾಗಿದ್ದರೂ ಔ ಹಾಗೆಯೇ ಇದೆ. ನಿಯಮ ಜೀವಂತವಾಗಿದ್ದರೆ ಬೌಂಡರಿ ಎಂಬುದು ಬಂಡರಿ ಆಗಬೇಕಿತ್ತು.

ವ್ಯಾಕರಣಪ್ರಿಯ

ಬೌಂಡರಿ ಎಂಬುದು ಬೌಂಡ್ ಎಂಬ ಪದಕ್ಕೆ ಅಂಟಿಕೊಂಡು ನಿಂತದ್ದು, ಅನೌನ್ಸ್‌ಮೆಂಟಿಗೆ ನೀವು ಹೇಳಿದ ಕಾರಣವೇ ಅದಕ್ಕೂ ಸಲ್ಲುತ್ತದೆ. ಅಬಂಡೆನ್ಸ್ ವಿಷಯದಲ್ಲಿ ನನ್ನ ಬಳಿ ಸಮಾಧಾನವಿಲ್ಲ. ಆದರೆ ನಿಯಮ ಇಲ್ಲವೆಂದು ಒಪ್ಪಲು ಅದೊಂದೇ ಪದ ಸಾಲದು.

ಕರಡು ತಿದ್ದುವವಳು

ನನಗೆ ತೋರುವುದೇನೆಂದರೆ, ಮೇಂಟೆನೆನ್ಸ್ ತಪ್ಪಾಗುವುದಕ್ಕೂ ಒತ್ತೇ ಕಾರಣ. ಮೇಂಟೇನ್ ಎನ್ನುವಾಗ ಒತ್ತು ‘ಟೇನ್’ ಮೇಲಿರುತ್ತದೆ, ಮೇಂಟೆನೆನ್ಸ್ ಎನ್ನುವಾಗ ಅದು ‘ಮೇಂ’ ಮೇಲಕ್ಕೆ ಓಡುತ್ತದೆ. ಒತ್ತು ಕಳೆದುಕೊಂಡ ನಡುವಿನ ಸ್ವರ ಇಂಗ್ಲಿಷರ ಬಾಯಲ್ಲಿ ಎಷ್ಟು ಮಸುಕಾಗುತ್ತದೆ ಎಂದರೆ, ಅದು ಎ ಅಕ್ಷರವೋ ಇ ಅಕ್ಷರವೋ ಕಿವಿಯಿಂದ ಹೇಳಲು ಸಾಧ್ಯವೇ ಇಲ್ಲ. ಆಗ ಬರೆಯುವವರು ಕ್ರಿಯಾಪದವನ್ನು ನೆನೆದುಕೊಂಡು ಎ-ಐ ಹಾಕುತ್ತಾರೆ. ಈ ತಪ್ಪು ಇಂಗ್ಲಿಷ್ ತಾಯ್ನುಡಿಯವರ ಕರಡುಗಳಲ್ಲಿಯೂ ನನಗೆ ಸಿಕ್ಕಿದೆ. ನಮಗೆ ಇಲ್ಲಿ ಒಂದು ಅನುಕೂಲವಿದೆ. ಕನ್ನಡಿಗರು ಯಾವ ಸ್ವರವನ್ನೂ ಅಷ್ಟು ಮಸುಕು ಮಾಡುವುದಿಲ್ಲ, ‘ಮೇಂಟೆನೆನ್ಸ್’ ಎಂದು ಎಕಾರವನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಹೇಳಿದಂತೆಯೇ ಬರೆದರೆ ಟಿ-ಇ-ಎನ್ ತಾನಾಗಿ ಬರುತ್ತದೆ. ಕಚೇರಿಗೆ ಹೊಸದಾಗಿ ಬಂದವರಿಗೆ ನಾನು ಹೇಳಿಕೊಡುವುದು ಇದನ್ನೇ. ‘ಟೇ’ ಎಂದು ಎಳೆದು ಹೇಳಿದರೆ ಎ-ಐ, ‘ಟೆ’ ಎಂದು ಮೊಟಕಾಗಿ ಹೇಳಿದರೆ ಇ.

ಪ್ರೊನನ್ಸಿಯೇಷನ್ ವಿಷಯದಲ್ಲಿ ಈ ಉಪಾಯ ಅರ್ಧ ಮಾತ್ರ ಫಲಿಸುತ್ತದೆ, ಏಕೆಂದರೆ ಬಹಳ ಜನ ‘ಪ್ರೊನೌನ್ಸಿಯೇಷನ್’ ಎಂದೇ ಹೇಳುತ್ತಾರೆ. ಅವರು ಹೇಳಿದಂತೆ ಬರೆದರೆ ಓ ಬರುತ್ತದೆ.

ಕಡಲತಡಿಯವಳು

ಹಾಗೆ ಹೇಳುವವರು ಇಷ್ಟು ಜನ ಇರುವಾಗ, ಅದನ್ನೇ ಸರಿ ಎಂದು ಒಪ್ಪಿಕೊಂಡರೆ ಏನು ತೊಂದರೆ? ಫೌಂಡೇಷನ್ ಎಂಬುದು ಕ್ರಿಯಾಪದಕ್ಕೆ ಒಗ್ಗಿಕೊಂಡಿತು ಎಂದು ಇಲ್ಲಿಯೇ ಬರೆದಿದ್ದೀರಿ. ಒಂದು ಪದಕ್ಕೆ ಸಲ್ಲುವುದು ಇನ್ನೊಂದಕ್ಕೆ ಏಕೆ ಸಲ್ಲಬಾರದು?

ಹಳೆಬೇರು

ಭಾಷೆಯ ಇತಿಹಾಸದಲ್ಲಿ ಅದು ಆಗಿರುವ ಸಂಗತಿಯೇ. ಅಪಿಯರೆನ್ಸ್ ಎಂಬ ನಾಮಪದವನ್ನು ಹಳೆಯ ಇಂಗ್ಲಿಷ್ ಬರಹಗಳಲ್ಲಿ ಫ್ರೆಂಚಿನಂತೆ ಆಕಾರ ಹಾಕಿ ಬರೆಯುತ್ತಿದ್ದರು, ಆಮೇಲೆ ಅದು ಅಪಿಯರ್ ಎಂಬ ಕ್ರಿಯಾಪದದ ಕಾಗುಣಿತಕ್ಕೆ ಹೊಂದಿಕೊಂಡಿತು. ಅಪ್ಯಾರೆಂಟ್ ಎಂಬ ವಿಶೇಷಣ ಮಾತ್ರ ಹೊಂದಿಕೊಳ್ಳಲಿಲ್ಲ. ಪ್ರೊನೌನ್ಸಿಯೇಷನ್ ಎನ್ನುವವರು ಮಾಡುತ್ತಿರುವುದು ಅಪಿಯರೆನ್ಸ್‌ಗೆ ಆದ ಕೆಲಸವನ್ನೇ. ಆದರೆ ನಿಘಂಟುಗಳು ಇಂದಿಗೂ ಯು ಇರುವ ರೂಪವನ್ನೇ ಶಿಷ್ಟವೆಂದು ಹಿಡಿದಿವೆ. ಪರೀಕ್ಷೆ ಬರೆಯುವ ಹುಡುಗಿಗೆ ಬೇಕಾದದ್ದೂ ಆ ರೂಪವೇ.

ಕಡಲತಡಿಯವಳು

ಪರೀಕ್ಷೆಯ ಮಾತು ಬೇರೆ, ಭಾಷೆಯ ಮಾತು ಬೇರೆ. ಮುಂದೊಂದು ದಿನ ಓ ಇರುವ ರೂಪವೇ ಗೆಲ್ಲುತ್ತದೆಂದು ನನ್ನ ನಂಬಿಕೆ.

ತುಂಗಾತೀರದ ಮೇಷ್ಟ್ರು

ಎಲ್ಲರಿಗೂ ವಂದನೆಗಳು. ತರಗತಿಗೆ ನಾನು ಸಿದ್ಧಮಾಡಿಕೊಂಡದ್ದು ಹೀಗಿದೆ. ಪಯಣ–ಪ್ರಯಾಣದಿಂದ ಶುರು ಮಾಡಿ ಪ್ರೊನೌನ್ಸ್, ಡಿನೌನ್ಸ್, ರಿನೌನ್ಸ್ ಮೂರನ್ನೂ ಅವುಗಳ ನಾಮಪದಗಳೊಡನೆ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಮೆಂಟ್, ಏಬಲ್, ಇಂಗ್ ಎಂಬ ಪ್ರತ್ಯಯಗಳು ಸೇರಿದಾಗ ಕ್ರಿಯಾಪದದ ಓ-ಯು, ಎ-ಐ ಜೋಡಿಗಳು ಇದ್ದಂತೆಯೇ ಉಳಿಯುತ್ತವೆ ಎಂದು ಮಕ್ಕಳೇ ಕಂಡುಕೊಳ್ಳುವಂತೆ ಪದಗಳನ್ನು ಕೊಡುತ್ತೇನೆ. ಏಷನ್ ಬಂದಾಗ ಮಾತ್ರ ಎಚ್ಚರವಿರಬೇಕು, ಫೌಂಡೇಷನ್ ಅದಕ್ಕೆ ಹೊರತು ಎಂದೂ ಹೇಳುತ್ತೇನೆ. ಎಕ್ಸ್‌ಪ್ಲೇನ್–ಎಕ್ಸ್‌ಪ್ಲನೇಷನ್ ಜೋಡಿಯನ್ನು ಮಾತ್ರ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಅದರ ಎ-ಐ ಕೂಡ ಒತ್ತು ಬಿದ್ದ ಫ್ರೆಂಚ್ ರೂಪದ್ದೇ?

ಹಳೆಬೇರು

ಅದನ್ನು ಸ್ವಲ್ಪ ಪಕ್ಕಕ್ಕೆ ಇಡಿ, ಮೇಷ್ಟ್ರೇ. ಅದರ ಲ್ಯಾಟಿನ್ ಮೂಲಕ್ಕೆ ಸಮತಟ್ಟು ಮಾಡು ಎಂಬ ಅರ್ಥ, ಅದರಲ್ಲಿ ಆಕಾರ ಮಾತ್ರ ಇದೆ, ನಾಮಪದ ಅದನ್ನೇ ಉಳಿಸಿಕೊಂಡಿದೆ. ಕ್ರಿಯಾಪದಕ್ಕೆ ಎ-ಐ ಬರುವಲ್ಲಿ ಪ್ಲೇನ್ ಎಂಬ, ಆಗಲೇ ಇಂಗ್ಲಿಷಿನಲ್ಲಿದ್ದ ಪದದ ಪ್ರಭಾವವಿದೆ. ಸಮತಟ್ಟು, ಸ್ಪಷ್ಟ ಎಂಬ ಅರ್ಥದ ಆ ಪದ ಕಣ್ಣಮುಂದೆ ಇದ್ದುದರಿಂದ ಕ್ರಿಯಾಪದವನ್ನೂ ಅದರಂತೆಯೇ ಬರೆದರು.

ಬೆರಳಚ್ಚುಗಾರ, ಹುಬ್ಬಳ್ಳಿ

ಸರ್, ನನ್ನದು ಇನ್ನೊಂದೇ ಪ್ರಶ್ನೆ. ರಿಸೀವ್ ಎಂಬುದಕ್ಕೆ ರಸೀದಿ ಎಂಬ ಅರ್ಥದ ರಿಸೀಟ್ ಇದೆಯಲ್ಲ, ಅದರಲ್ಲಿ ಯಾರೂ ಉಚ್ಚರಿಸದ ಪಿ ಒಂದು ಇದೆ. ಇಲ್ಲಿ ನಾಮಪದಕ್ಕೆ ಅಕ್ಷರ ಹೆಚ್ಚಾಗಿದೆ. ಡಿಸೀವ್ ಎಂಬುದರ ನಾಮಪದ ಡಿಸೀಟ್, ಅದರಲ್ಲಿ ಪಿ ಇಲ್ಲ.

ಹಳೆಬೇರು

ರಿಸೀಟ್ ಕೂಡ ಫ್ರೆಂಚಿನಿಂದ ಪಿ ಇಲ್ಲದೆಯೇ ಬಂದ ಪದ. ಲ್ಯಾಟಿನ್ ಕೃದಂತದಲ್ಲಿ ಪಿ ಇದೆಯೆಂದು ತಿಳಿದಿದ್ದ ವಿದ್ವಾಂಸರು ಆಮೇಲೆ ಅದನ್ನು ಬರವಣಿಗೆಯಲ್ಲಿ ತುರುಕಿದರು, ಆಡುವವರು ಅದನ್ನು ಲೆಕ್ಕಿಸಲಿಲ್ಲ. ಡಿಸೀಟ್, ಕನ್ಸೀಟ್ ಎಂಬ ಪದಗಳಿಗೂ ಹಿಂದೆ ಕೆಲವರು ಪಿ ಸೇರಿಸಿ ಬರೆದದ್ದುಂಟು, ಅವುಗಳಲ್ಲಿ ಅದು ನಿಲ್ಲಲಿಲ್ಲ. ಮೂರರಲ್ಲಿ ಒಂದರಲ್ಲಿ ಮಾತ್ರ ಏಕೆ ನಿಂತಿತು ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ಕಾರಣವನ್ನು ಇದುವರೆಗೆ ಯಾರೂ ಕೊಟ್ಟಿಲ್ಲ. ವ್ಯಾಕರಣಪ್ರಿಯರ ಬಳಿ ಇದಕ್ಕೆ ನಿಯಮವೇನಾದರೂ ಇದ್ದರೆ ಓದಲು ಕಾದಿದ್ದೇನೆ.